ನೈಟ್ ಡ್ಯೂಟಿ ಮುಗಿಸಿ – 14: ‘ನಮಗೇ ಬೇಕು’ ಅಂದರೆ ಕೋರ್ಟು ನಂಬುತ್ತಾ?

ಮೂರು ನೈಟ್ ಮುಗಿಸಿ ಮನೆಗೆ ಬಂದು, ಒಗ್ಗರಣೆ ಅವಲಕ್ಕಿ ತಿಂದು ಫೋನ್ ತೆಗೆದರೆ ನಮ್ಮ ಮೈಸೂರಿನ ಬೀದಿಯವರೇ ಒಬ್ಬರ ಮೆಸೇಜು. ಹೆಸರು ಬೇಡ, ಓದಿದರೆ ಅವರಿಗೇ ಗೊತ್ತಾಗುತ್ತೆ. "ನಿಮ್ಮಪ್ಪ ವಾಚ್ ಅಂಗಡಿಯವನನ್ನ ಕೋರ್ಟಿಗೆ ಹಾಕಿ ಬಿಡಿಸಿದರಲ್ಲಮ್ಮ, ನಮಗೂ ಸ್ವಲ್ಪ ದಾರಿ ಹೇಳು. ಮಗನಿಗೆ ಅಂಗಡಿ ಬೇಕು ಅಂತ ಬರೆದರೆ ಸಾಕಾ? ಆಮೇಲೆ ಒಳ್ಳೆ ಬಾಡಿಗೆಗೆ ಬೇರೆಯವರಿಗೆ ಕೊಟ್ಟರಾಯ್ತು."

ಇಂಥ ಮೆಸೇಜು ಇದು ಮೂರನೆಯದು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಇಲ್ಲೇ ಎಲ್ಲರಿಗೂ ಬರೀತಿದ್ದೀನಿ. ನಾನು ವಕೀಲೆ ಅಲ್ಲ. ಆದರೆ ನಮ್ಮ ಮನೆಯ ಕೇಸು ಸುಮಾರು ನಾಲ್ಕು ವರ್ಷ ನಡೆಯಿತು. ಪ್ರತಿ ವಾಯಿದೆ ಆದಮೇಲೆ ತಮ್ಮ ಕಳಿಸುತ್ತಿದ್ದ ವಾಯ್ಸ್ ನೋಟನ್ನು ಇಲ್ಲಿ ಬ್ರೇಕಿನಲ್ಲಿ ಕೂತು ಕೇಳಿದವಳು ನಾನು. ಆ ಕೇಸು ಒಂದು ಹಂತದಲ್ಲಿ ಬಿದ್ದೇ ಹೋಗೋ ಹಾಗೆ ಆಗಿದ್ದು ನನ್ನಿಂದಲೇ. ಅದನ್ನೂ ಹೇಳ್ತೀನಿ.

ಮೊದಲು ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಸ್ವಂತಕ್ಕೆ ಬೇಕು ಅಂತ ಬಾಡಿಗೆದಾರರನ್ನು ಬಿಡಿಸೋ ಹಕ್ಕು ನ್ಯಾಯವಾದದ್ದೇ. ಆದರೆ ಅದನ್ನು ಸಾಬೀತು ಮಾಡಿ ಅಂತ ಕೋರ್ಟು ಕೇಳೋದು ಇನ್ನೂ ನ್ಯಾಯವಾದದ್ದು. ಸುಳ್ಳು ಹೇಳಿ ಬಿಡಿಸೋಕೆ ಹೊರಟವರಿಂದಲೇ ನಿಜವಾಗಿ ಬೇಕಾದವರ ಕೇಸು ವರ್ಷಗಟ್ಟಲೆ ಎಳೆಯುತ್ತೆ.

ನಮ್ಮ ಅಂಗಡಿ ಎಲ್ಲರಿಗೂ ಗೊತ್ತು. ಮನೆಯ ಮುಂಭಾಗದಲ್ಲಿ ರಸ್ತೆಗೆ ಮುಖ ಮಾಡಿರೋ ಹತ್ತು ಅಡಿ, ಹನ್ನೆರಡು ಅಡಿಯ ಒಂದೇ ಮಳಿಗೆ. 1989ರಲ್ಲಿ ತಾತ ಅದನ್ನು ವಾಚ್ ರಿಪೇರಿಯವರಿಗೆ ಕೊಟ್ಟರು. ನಾವು ಅವರನ್ನು ವಾಚ್ ಅಂಕಲ್ ಅಂತಲೇ ಕರೆದು ಬೆಳೆದವರು. ನಾನು ಬಿಎಸ್ಸಿ ನರ್ಸಿಂಗ್ ಸೇರಿದಾಗ, "ನಾಡಿ ಹಿಡಿಯೋಳಿಗೆ ಸೆಕೆಂಡ್ ಮುಳ್ಳು ಚೆನ್ನಾಗಿ ಕಾಣಬೇಕು" ಅಂತ ಒಂದು ಹಳೇ ವಾಚಿಗೆ ಕೆಂಪು ಮುಳ್ಳು ಹಾಕಿ ಕೊಟ್ಟವರು ಅವರು. ದುಡ್ಡು ತಗೊಳ್ಳಲಿಲ್ಲ. ಕೇಸು ಹಾಕುವಾಗ ಬಾಡಿಗೆ ತಿಂಗಳಿಗೆ 750 ರೂಪಾಯಿ ಇತ್ತು.

ತಮ್ಮ 2014ರಲ್ಲಿ ಡಿ.ಫಾರ್ಮ್ ಮುಗಿಸಿ, ಫಾರ್ಮಸಿ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಿ, ಬೇರೆಯವರ ಮೆಡಿಕಲ್ ಸ್ಟೋರ್‌ನಲ್ಲಿ ಸಂಬಳಕ್ಕೆ ನಿಂತಿದ್ದ. 2018ರಲ್ಲಿ ಅವನ ಮದುವೆ ಮಾತು ಬಂತು. ಸ್ವಂತ ಮೆಡಿಕಲ್ ಸ್ಟೋರ್ ಇಡ್ತೀನಿ ಅಂದ. ಅಪ್ಪ ವಾಚ್ ಅಂಕಲ್ ಹತ್ತಿರ ಮಾತಾಡಿದರು. ಅವರು, "ಮೂವತ್ತು ವರ್ಷದ ಗಿರಾಕಿಗಳನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ಸ್ವಾಮಿ, ನೀವೇ ಹೇಳಿ" ಅಂದರು. 2019ರ ಜನವರಿಯಲ್ಲಿ ಅಪ್ಪ ಅರ್ಜಿ ಹಾಕಿದರು.

ಇಲ್ಲಿ ಮೊದಲನೇ ವಿಷಯ. ಎಲ್ಲ ಬಾಡಿಗೆ ಜಗಳವೂ ಬಾಡಿಗೆ ಕಾಯ್ದೆಯ ಕೆಳಗೆ ಬರೋದಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದಿದ್ದು 2001ರ ಕೊನೆಯಲ್ಲಿ. ಅದರ ರಕ್ಷಣೆ ಇರೋದು ಕಡಿಮೆ ಬಾಡಿಗೆಯ ಜಾಗಗಳಿಗೆ. ಆ ಕಾಯ್ದೆಯ ಲೆಕ್ಕದ ಬಾಡಿಗೆ, ಪಟ್ಟಿಯಲ್ಲಿರೋ ದೊಡ್ಡ ನಗರಗಳಲ್ಲಿ ತಿಂಗಳಿಗೆ 3500 ರೂಪಾಯಿ, ಉಳಿದ ಕಡೆ 2000 ರೂಪಾಯಿ ದಾಟಿದರೆ ಕಾಯ್ದೆ ಅನ್ವಯಿಸೋದಿಲ್ಲ. ಅಂಗಡಿಗಳ ಮಟ್ಟಿಗೆ ಇನ್ನೊಂದು ಗೆರೆ ಇದೆ. 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಯ ಒಳಗಿನ ಮಳಿಗೆಗೆ ಮಾತ್ರ ರಕ್ಷಣೆ. ನಮ್ಮದು 120 ಚದರ ಅಡಿ, ಸುಮಾರು 11 ಚದರ ಮೀಟರ್. ಹಾಗಾಗಿ ಕಾಯ್ದೆಯ ಒಳಗೆ ಬಂತು.

ಹೊರಗಡೆ ಇರೋ ಜಾಗಗಳ ಕಥೆಯೇ ಬೇರೆ. ಹದಿನೈದು ಸಾವಿರ ಬಾಡಿಗೆಯ ಮನೆ, ಅಥವಾ 400 ಚದರ ಅಡಿಯ ಅಂಗಡಿ ಆದರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆದಾರರಿಗೆ 15 ದಿನದ ನೋಟಿಸ್ ಕೊಟ್ಟು, ಬಿಡದಿದ್ದರೆ ಸಿವಿಲ್ ದಾವೆ ಹಾಕಬೇಕು. ಅಗ್ರಿಮೆಂಟಿನಲ್ಲಿ ಬೇರೆ ಷರತ್ತು ಇದ್ದರೆ ಅದರ ಪ್ರಕಾರ. ಅಲ್ಲಿ ನಿಮಗೆ ಜಾಗ ಯಾಕೆ ಬೇಕು ಅಂತ ಯಾರೂ ಕೇಳೋದಿಲ್ಲ. ಮೆಸೇಜು ಮಾಡಿದವರೇ, ನಿಮ್ಮ ಮಳಿಗೆಯ ಅಳತೆಯನ್ನು ಟೇಪು ಹಿಡಿದು ನೋಡಿ. ಮಗನ ಹೆಸರಲ್ಲಿ ಸುಳ್ಳು ಹೇಳೋ ಅವಶ್ಯಕತೆಯೇ ಇಲ್ಲದಿರಬಹುದು.

ಈಗ ಕಾಯ್ದೆಯ ಒಳಗಿನವರ ವಿಷಯ. 27ನೇ ಸೆಕ್ಷನ್ನಿನಲ್ಲಿ ಯಾವ ಯಾವ ಕಾರಣಕ್ಕೆ ಬಿಡಿಸಬಹುದು ಅಂತ ಪಟ್ಟಿ ಇದೆ. ಅದರಲ್ಲಿ (2)(ಆರ್) ಅನ್ನೋದು ಸ್ವಂತ ಅಗತ್ಯದ್ದು. ಮಾಲೀಕರಿಗೆ ಅಥವಾ ಅವರ ಕುಟುಂಬದವರಿಗೆ ಆ ಜಾಗ ಬೇಕಾಗಿರಬೇಕು, ಮತ್ತು ಅವರ ಹತ್ತಿರ ಹೊಂದುವಂಥ ಬೇರೆ ಜಾಗ ಇರಬಾರದು. ಈ ಎರಡೂ ಸೇರಿದರೇ ಕಾರಣ ಪೂರ್ತಿ ಆಗೋದು. ನಮ್ಮವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ಮರೀತಾರೆ. (ವಿಧವೆಯರಿಗೆ, ಅಂಗವಿಕಲರಿಗೆ, 65 ದಾಟಿದ ಮಾಲೀಕರಿಗೆ 31ನೇ ಸೆಕ್ಷನ್ನಿನ ಬೇರೆ ದಾರಿ ಇದೆ. ಅಪ್ಪನಿಗೆ ಆಗ 61. ಹಾಗಾಗಿ ಅದು ನಮಗೆ ಸಿಗಲಿಲ್ಲ.)

ಕಾಯ್ದೆಯಲ್ಲಿ ಮಾಲೀಕರಿಗೆ ಒಂದು ಅನುಕೂಲ ಇದೆ. ತನಗೋ, ತನ್ನನ್ನು ಅವಲಂಬಿಸಿರೋ ಕುಟುಂಬದವರಿಗೋ ಜಾಗ ಬೇಕು ಅಂತ ಅಫಿಡವಿಟ್ ಸಮೇತ ಅರ್ಜಿ ಹಾಕಿದರೆ, ಅಗತ್ಯ ಇದೆ ಅಂತ ಕೋರ್ಟು ಭಾವಿಸಬೇಕು. ಇದನ್ನು ಕೇಳಿದ ನಮ್ಮ ಚಿಕ್ಕಪ್ಪ, "ಮತ್ತೇನು, ಅಫಿಡವಿಟ್ ಹಾಕಿದ ಮೇಲೆ ಮುಗೀತಲ್ಲ" ಅಂದಿದ್ದರು. ಮುಗಿಯಲಿಲ್ಲ. ಕೋರ್ಟು ಹಾಗೆ ಭಾವಿಸೋದು ಆರಂಭಕ್ಕೆ ಮಾತ್ರ. ಅದು ತಪ್ಪು ಅಂತ ತೋರಿಸೋಕೆ ಬಾಡಿಗೆದಾರರಿಗೆ ಪೂರ್ತಿ ಅವಕಾಶ ಇದೆ. ಅವರು ತೋರಿಸೋದು ಪಾಟೀಸವಾಲಿನಲ್ಲಿ.

ನಮ್ಮ ಕೇಸಿನಲ್ಲಿ ಆ ಕಡೆಯ ವಕೀಲರು ಹಿಡಿದಿದ್ದೇ ‘ಅವಲಂಬಿಸಿರೋ’ ಅನ್ನೋ ಪದವನ್ನು. ಮಗ ಸಂಬಳ ತಗೊಳ್ತಾನೆ, ಅಪ್ಪನ ಮೇಲೆ ಅವಲಂಬಿತ ಹೇಗಾಗ್ತಾನೆ ಅಂತ. ನಮ್ಮ ವಕೀಲರು ಇದಕ್ಕೆ ಮೊದಲೇ ಸಿದ್ಧ ಇದ್ದರು. ದುಡಿದು ತಿನ್ನೋ ಮಗನೂ ಜಾಗದ ಮಟ್ಟಿಗೆ ಅಪ್ಪನ ಮೇಲೇ ಅವಲಂಬಿತ, ಅವನಿಗೆ ಸ್ವಂತದ್ದು ಅಂತ ಒಂದು ಅಡಿ ಮಳಿಗೆಯೂ ಇಲ್ಲ ಅನ್ನೋದು ಅವರ ವಾದ. ಮಗನ ಅಗತ್ಯವನ್ನು ಅಪ್ಪನ ಅಗತ್ಯ ಅಂತಲೇ ನೋಡಿದ ಸುಪ್ರೀಂ ಕೋರ್ಟಿನ 2002ರ ಒಂದು ತೀರ್ಪನ್ನೂ ಕೊಟ್ಟರು. ಅದು ಪಂಜಾಬಿನ ಕಾಯ್ದೆಯ ಕೆಳಗಿನ ಕೇಸು, ಚಾರ್ಟರ್ಡ್ ಅಕೌಂಟೆಂಟ್ ಮಗನ ಆಫೀಸಿಗೆ ಜಾಗ ಕೇಳಿದ್ದು. ಅಷ್ಟಕ್ಕೇ ನಿಲ್ಲಿಸದೆ ನಮ್ಮ ವಕೀಲರು, "ಕೋರ್ಟು ತಾನಾಗೇ ಭಾವಿಸುತ್ತೆ ಅಂತ ನಂಬಿಕೊಂಡು ಕೂರೋದು ಬೇಡ, ಅದು ಇಲ್ಲವೇ ಇಲ್ಲ ಅಂದುಕೊಂಡು ಸಾಕ್ಷಿ ಕೊಡೋಣ" ಅಂದರು. ಇಡೀ ಕೇಸಿನಲ್ಲಿ ನಮಗೆ ಸಿಕ್ಕಿದ ಒಳ್ಳೆ ಸಲಹೆ ಇದೇ.

ಹಾಗಾದರೆ ಸಾಕ್ಷಿ ಅಂದರೆ ಏನು? ಕೋರ್ಟು ಹುಡುಕೋದು ‘ಆಸೆ’ಗೂ ‘ಅಗತ್ಯ’ಕ್ಕೂ ಇರೋ ವ್ಯತ್ಯಾಸ. 1999ರಲ್ಲಿ ಶಿವ್ ಸರೂಪ್ ಗುಪ್ತ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಅಗತ್ಯ ಪ್ರಾಮಾಣಿಕವಾಗಿರಬೇಕು, ಬರೀ ಬಯಕೆಯೋ ನೆಪವೋ ಆಗಿರಬಾರದು. ನ್ಯಾಯಾಧೀಶರು ಮಾಲೀಕರ ಜಾಗದಲ್ಲಿ ತಾವೇ ಕೂತು, ಈ ಪರಿಸ್ಥಿತಿಯಲ್ಲಿ ಈ ಅಗತ್ಯ ಸಹಜವಾ, ನಿಜವಾ ಅಂತ ಕೇಳಿಕೊಳ್ಳಬೇಕು. ಹೌದು ಅನಿಸಿದರೆ, ನೀವು ಇಲ್ಲಿ ಬೇಡ, ಅಲ್ಲಿ ಅಂಗಡಿ ಇಡಿ ಅಂತ ಮಾಲೀಕರಿಗೆ ಪಾಠ ಹೇಳೋ ಅಧಿಕಾರ ಕೋರ್ಟಿಗೂ ಇಲ್ಲ, ಬಾಡಿಗೆದಾರರಿಗೂ ಇಲ್ಲ.

ಮಗನಿಗೆ ಬೇಕು ಅನ್ನೋ ಮಾತನ್ನು ನಾಳೆ ಬೆಳಿಗ್ಗೆ ಯಾರು ಬೇಕಾದರೂ ಹೇಳಬಹುದು. ಆದರೆ 2014ರ ಡಿ.ಫಾರ್ಮ್ ಸರ್ಟಿಫಿಕೇಟನ್ನು, ಕೌನ್ಸಿಲ್ಲಿನ ರಿಜಿಸ್ಟ್ರೇಷನ್ನನ್ನು, ಐದು ವರ್ಷದ ಸಂಬಳದ ಚೀಟಿಗಳನ್ನು, ಅರ್ಜಿ ಹಾಕೋದಕ್ಕಿಂತ ಎರಡು ತಿಂಗಳು ಮೊದಲು ಬ್ಯಾಂಕಿನಲ್ಲಿ ಸಾಲ ವಿಚಾರಿಸಿದ ಪತ್ರವನ್ನು ನಾಳೆ ಬೆಳಿಗ್ಗೆ ಹುಟ್ಟಿಸೋಕೆ ಆಗಲ್ಲ. ವಾರ್ಡಿನಲ್ಲಿ ನಾವು ಚಾರ್ಟ್ ಬರೆಯುವಾಗ ಟೈಮ್ ಹಾಕೋದು ಯಾಕೆ ಹೇಳಿ? ಆ ಹೊತ್ತಿಗೇ ಬರೆದದ್ದಕ್ಕೂ, ಕಂಪ್ಲೇಂಟ್ ಬಂದ ಮೇಲೆ ಕೂತು ಬರೆದದ್ದಕ್ಕೂ ಬೆಲೆ ಬೇರೆ ಬೇರೆ. ಕೋರ್ಟಿನಲ್ಲೂ ಹಾಗೇ. ಕೇಸಿಗೋಸ್ಕರ ಹುಟ್ಟಿದ ಕಾಗದಕ್ಕಿಂತ, ಕೇಸಿನ ಯೋಚನೆ ಇಲ್ಲದಾಗ ಹುಟ್ಟಿದ ಕಾಗದಕ್ಕೆ ತೂಕ ಜಾಸ್ತಿ.

ಇನ್ನೊಂದು, ಯಾರ ಅಗತ್ಯವೋ ಅವರೇ ಬಂದು ಹೇಳಬೇಕು. ಅಪ್ಪ ಮೊದಲನೇ ಸಾಕ್ಷಿ, ತಮ್ಮ ಎರಡನೇ ಸಾಕ್ಷಿ. ತಮ್ಮನಿಗೆ ಕೇಳಿದ ಪ್ರಶ್ನೆಗಳು: ಲೈಸೆನ್ಸಿಗೆ ಏನೇನು ಬೇಕು? ಫ್ರಿಜ್ ಯಾಕೆ ಬೇಕು? ಬಂಡವಾಳ ಎಷ್ಟು, ಎಲ್ಲಿಂದ ತರ್ತೀಯಾ? ಸುಳ್ಳು ಹೇಳೋನು ಇಲ್ಲಿ ತಡವರಿಸ್ತಾನೆ. ತಮ್ಮ ಐದು ವರ್ಷ ಕೌಂಟರಿನಲ್ಲಿ ನಿಂತವನು, ಇನ್ಸುಲಿನ್ ಎಲ್ಲಿಡಬೇಕು ಅನ್ನೋದರಿಂದ ಹಿಡಿದು ಎಲ್ಲಾ ಹೇಳಿದ. ಇದನ್ನು ನನ್ನ ಹಾಗೆ ಹೊರದೇಶದಲ್ಲಿರೋರು ಗಮನಿಸಿ. ನಾನು ವಾಪಸ್ ಬಂದು ಅಲ್ಲಿರಬೇಕು ಅನ್ನೋದು ನಿಮ್ಮ ಕಾರಣ ಆದರೆ, ಪವರ್ ಆಫ್ ಅಟಾರ್ನಿ ಕೊಟ್ಟು ಮಾವನನ್ನು ಕಟಕಟೆಗೆ ಹತ್ತಿಸಿದರೆ ಸಾಲದು. ಅಸಲು ಮನುಷ್ಯನಿಗೆ ಮಾತ್ರ ಗೊತ್ತಿರೋ ವಿಷಯಕ್ಕೆ ಅವನ ಪರವಾಗಿ ಬೇರೆಯವರು ಸಾಕ್ಷಿ ಹೇಳೋಕಾಗಲ್ಲ ಅಂತ ಸುಪ್ರೀಂ ಕೋರ್ಟು 2005ರ ಸುಮಾರಿಗೇ ಹೇಳಿದೆ. ನಿಮ್ಮ ಮನಸ್ಸಿನಲ್ಲಿರೋದನ್ನ ಮಾವ ಹೇಗೆ ಹೇಳ್ತಾರೆ?

ಇನ್ನು ಎರಡನೇ ಅರ್ಧ, ಬೇರೆ ಜಾಗ ಇಲ್ಲ ಅನ್ನೋದು. ನಮ್ಮ ಮನೆಗೆ ಬಂದವರಿಗೆ ಗೊತ್ತು, ಹಿತ್ತಲ ಕಡೆ ಒಂದು ಕೋಣೆ ಇದೆ. ಅಜ್ಜಿ ಸೌದೆ ಇಡ್ತಿದ್ದದ್ದು, ಈಗ ಹಳೇ ಸಾಮಾನು ತುಂಬಿದೆ. ಅಪ್ಪ ಮೊದಲ ಸಲ ವಕೀಲರ ಹತ್ತಿರ ಹೋದಾಗ ಅದರ ಮಾತೇ ಎತ್ತಲಿಲ್ಲ. "ಅದೂ ಒಂದು ಜಾಗವಾ" ಅನ್ನೋದು ಅಪ್ಪನ ಲೆಕ್ಕ. ವಕೀಲರು ಮನೆ ನೋಡೋಕೆ ಬಂದವರು ಕೋಣೆ ನೋಡಿ ಸಿಟ್ಟಾದರಂತೆ. "ಇದನ್ನ ನಾವು ಹೇಳದೆ ಅವರು ಹೇಳಿದರೆ, ಬಚ್ಚಿಟ್ಟಿದ್ದೀರಿ ಅಂತಾಗುತ್ತೆ. ಆಮೇಲೆ ನೀವು ಹೇಳೋ ನಿಜವನ್ನೂ ನಂಬಲ್ಲ. ನಾವೇ ಬರೆಯೋಣ, ಯಾಕೆ ಆಗಲ್ಲ ಅಂತಲೂ ಬರೆಯೋಣ."

ಅದಕ್ಕೆ ಟೇಪು ಹಿಡಿದರು. ಎಂಟು ಅಡಿ, ಹತ್ತು ಅಡಿ. 80 ಚದರ ಅಡಿ ಅಂದರೆ ಏಳೂವರೆ ಚದರ ಮೀಟರೂ ಇಲ್ಲ. ಔಷಧ ನಿಯಮಾವಳಿ ಪ್ರಕಾರ ಚಿಲ್ಲರೆ ಮೆಡಿಕಲ್ ಸ್ಟೋರ್‌ಗೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು. ಹಿತ್ತಲ ಕೋಣೆಗೆ ಲೈಸೆನ್ಸೇ ಸಿಗೋದಿಲ್ಲ. ಮುಂದಿನ ಮಳಿಗೆ ಹನ್ನೊಂದು ಚದರ ಮೀಟರ್, ಅದಕ್ಕೆ ಸಿಗುತ್ತೆ. ನಿರೀಕ್ಷೆಯ ಹಾಗೇ ತಕರಾರಿನಲ್ಲಿ ವಾಚ್ ಅಂಕಲ್ ಕಡೆಯವರು ಆ ಕೋಣೆಯ ಫೋಟೋ ಹಾಕಿದ್ದರು. ಆದರೆ ಅದು ನಮ್ಮ ಅರ್ಜಿಯಲ್ಲಿ ಅಳತೆ ಸಮೇತ ಮೊದಲೇ ಇತ್ತು. ‘ಹೊಂದುವಂಥ’ ಅನ್ನೋ ಪದಕ್ಕೆ ಅರ್ಥ ಇದು. ಖಾಲಿ ಜಾಗ ಇದೆಯಾ ಅನ್ನೋದಲ್ಲ, ಹೇಳಿದ ಕೆಲಸಕ್ಕೆ ಆ ಜಾಗ ಆಗುತ್ತಾ ಅನ್ನೋದು. ಅದನ್ನು ಬಾಯಲ್ಲಿ ಹೇಳಿದ್ದರೆ ಅಪ್ಪನ ಮಾತು, ಅವರ ಮಾತು ಅಂತ ಎರಡು ಮಾತಾಗ್ತಿತ್ತು. ಅಳತೆ ಇದ್ದದ್ದಕ್ಕೆ ವಾದವೇ ಉಳಿಯಲಿಲ್ಲ.

ಈಗ ನನ್ನ ತಪ್ಪು. 2017ರ ಆಗಸ್ಟಿನಲ್ಲಿ ರಜೆಗೆ ಬಂದಾಗ ಮನೆ ಮುಂದೆ ನಿಂತು ಫೋಟೋ ತೆಗೆದು ಇದೇ ಅಕೌಂಟಿನಲ್ಲಿ ಹಾಕಿದ್ದೆ. "ಇನ್ನೆರಡು ವರ್ಷ, ಇದನ್ನೆಲ್ಲಾ ಒಡೆದು ಮೂರಂತಸ್ತಿನ ಕಾಂಪ್ಲೆಕ್ಸ್! ಬಾಡಿಗೆನೇ ತಿಂಗಳಿಗೆ ಅರ್ಧ ಲಕ್ಷ" ಅಂತ ಬರೆದು ನಗೋ ಮುಖ ಹಾಕಿದ್ದೆ. ನಿಮ್ಮಲ್ಲಿ ತುಂಬಾ ಜನ ಲೈಕ್ ಕೊಟ್ಟಿದ್ದಿರಿ. ಅದನ್ನು ಯಾರೋ ಪ್ರಿಂಟ್ ತೆಗೆದು ಆ ಕಡೆಯ ವಕೀಲರಿಗೆ ಕೊಟ್ಟಿದ್ದರು. ಅಪ್ಪನ ಪಾಟೀಸವಾಲಿನ ದಿನ ಅದನ್ನು ಮುಂದಿಟ್ಟು ಕೇಳಿದರು. "ನಿಮ್ಮ ಮಗಳು ಹೊರದೇಶದಲ್ಲಿ ಸಂಪಾದಿಸ್ತಾರೆ. ನಿಮಗೆ ಬೇಕಾಗಿರೋದು ಕಾಂಪ್ಲೆಕ್ಸು. ಮಗನ ಮೆಡಿಕಲ್ ಸ್ಟೋರ್ ಬರೀ ನೆಪ, ಸರಿಯಾ?"

ಆ ವಾಯ್ಸ್ ನೋಟ್ ಕೇಳುವಾಗ ನನ್ನ ಕೈ ತಣ್ಣಗಾಗಿತ್ತು. ನಮ್ಮ ವಕೀಲರು ತಕ್ಷಣ ಎದ್ದು, ಪ್ರಿಂಟಿಗೆ ಎವಿಡೆನ್ಸ್ ಕಾಯ್ದೆಯ 65ಬಿ ಸರ್ಟಿಫಿಕೇಟ್ ಇಲ್ಲ, ಇದನ್ನು ದಾಖಲೆ ಅಂತ ತಗೊಳ್ಳಬಾರದು ಅಂತ ಆಕ್ಷೇಪ ಎತ್ತಿದರಂತೆ. (ಆ ಸರ್ಟಿಫಿಕೇಟಿನ ನಿಯಮ ಈಗ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಲ್ಲಿದೆ.) ಆದರೆ ಅಪ್ಪ ಆ ಆಕ್ಷೇಪದ ಹಿಂದೆ ಬಚ್ಚಿಟ್ಟುಕೊಳ್ಳಲಿಲ್ಲ. "ಹೌದು ಸ್ವಾಮಿ, ನನ್ನ ಮಗಳೇ ಬರೆದಿದ್ದು. ಆಗ ಮನೇಲಿ ಹಾಗೊಂದು ಮಾತು ಆಡಿದ್ವಿ. ಲೆಕ್ಕ ಹಾಕಿದಾಗ ನಮ್ಮ ಕೈಲಾಗಲ್ಲ ಅಂತ ಬಿಟ್ವಿ. ಅದಾದ ಮೇಲೆ ಮಗ ಅಂಗಡಿ ಇಡ್ತೀನಿ ಅಂದ" ಅಂದರು. ಪ್ಲಾನ್ ಮಂಜೂರಾತಿಗೆ ಅರ್ಜಿ ಹಾಕಿದ್ದೀರಾ ಅಂತ ಕೇಳಿದರು. ಇಲ್ಲ. ಎಂಜಿನಿಯರ್‌ಗೆ ದುಡ್ಡು ಕೊಟ್ಟಿದ್ದೀರಾ? ಇಲ್ಲ. ಬಿಲ್ಡರ್ ಜೊತೆ ಕರಾರು? ಇಲ್ಲ.

ಆರ್ಡರಿನಲ್ಲಿ ನ್ಯಾಯಾಧೀಶರು ಈ ವಿಷಯಕ್ಕೆ ಒಂದು ಪ್ಯಾರಾ ಕೊಟ್ಟಿದ್ದಾರೆ. ಮಗಳ ಬರಹ ಒಂದು ಕಾಲದ ಆಸೆ ತೋರಿಸುತ್ತೆ, ಅದರ ಹಿಂದೆ ಯಾವ ಹೆಜ್ಜೆಯೂ ಇಲ್ಲ. ಮಗನ ಅಗತ್ಯದ ಹಿಂದೆ ಹೆಜ್ಜೆಗಳಿವೆ. ಅರ್ಜಿದಾರರು ಕೇಳಿದ್ದಕ್ಕೆ ಮುಚ್ಚಿಡದೆ ಉತ್ತರಿಸಿದ್ದಾರೆ. ಇದು ಅದರ ಸಾರಾಂಶ. ಅಪ್ಪ ಆವತ್ತು, ನನಗೆ ಗೊತ್ತಿಲ್ಲ, ಮಗಳು ಬರೆದಿದ್ದೋ ಇಲ್ಲವೋ ಅಂದಿದ್ದರೆ ಆ ಪ್ಯಾರಾ ಬೇರೆ ಥರ ಇರ್ತಿತ್ತು. ಹಾಗಾಗಿ ಬಾಡಿಗೆ ಕೇಸು ಇರೋ ಮನೆಯವರಿಗೆ ಹೇಳ್ತೀನಿ, ಮನೆಯವರೆಲ್ಲ ಒಂದೇ ಮಾತು ಆಡಬೇಕು ಅಂದರೆ ಒಂದೇ ಸುಳ್ಳನ್ನು ಕಲಿಯಬೇಕು ಅಂತಲ್ಲ. ಮಗನಿಗೆ ಅಂತ ಕೋರ್ಟಿನಲ್ಲಿ, ಕಾಂಪ್ಲೆಕ್ಸ್‌ಗೆ ಅಂತ ನೆಂಟರ ಹತ್ತಿರ, ಮಾರೋಕೆ ಅಂತ ಬ್ರೋಕರ್ ಹತ್ತಿರ ಹೇಳೋ ಮನೆಗೆ ನಿಜವಾಗಿ ಏನು ಬೇಕು ಅಂತ ಆ ಮನೆಯವರಿಗೇ ಗೊತ್ತಿರಲ್ಲ. ಅದು ಕೋರ್ಟಿಗೆ ಬೇಗ ಗೊತ್ತಾಗುತ್ತೆ.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳ್ತಾರೆ. ಕೇಸು ನಡೆಯೋ ವರ್ಷಗಳಲ್ಲಿ ಮಗ ಸುಮ್ಮನೆ ಕೂರಬೇಕಾ? ನಮ್ಮದು ಕೊರೋನಾ ಕಾಲ ದಾಟಿ ಬಂತು. ಅಷ್ಟು ದಿನ ತಮ್ಮ ಸಂಬಳದ ಕೆಲಸ ಬಿಡಲಿಲ್ಲ, ಮಧ್ಯೆ ಸಂಬಳವೂ ಜಾಸ್ತಿ ಆಯ್ತು. ಅವನಿಗೆ ಕೆಲಸ ಇದೆ, ಅಂಗಡಿಯ ಅಗತ್ಯ ತೀರಿಹೋಯ್ತು ಅಂತ ಕೊನೆಯಲ್ಲಿ ವಾದ ಬಂತು. ಇದಕ್ಕೆ 2001ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಗಯಾ ಪ್ರಸಾದ್ ಅವರ ಕೇಸಿನಲ್ಲಿ ಉತ್ತರ ಇದೆ. ಅಲ್ಲೂ ಒಬ್ಬ ಅಪ್ಪ ಡಾಕ್ಟರ್ ಮಗನ ಕ್ಲಿನಿಕ್ಕಿಗೆ ಅಂತ ಜಾಗ ಕೇಳಿದ್ದರು. ಕೇಸು 23 ವರ್ಷ ನಡೆದು, ಅಷ್ಟರಲ್ಲಿ ಮಗ ಸರ್ಕಾರಿ ಕೆಲಸಕ್ಕೆ ಸೇರಿದ್ದ. ಅಗತ್ಯವನ್ನು ಅರ್ಜಿ ಹಾಕಿದ ದಿನಕ್ಕೆ ನೋಡಬೇಕು, ಆಮೇಲೆ ನಡೆದದ್ದು ಆ ಅಗತ್ಯವನ್ನು ಪೂರ್ತಿ ಅಳಿಸಿಹಾಕೋ ಹಾಗಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತೆ, ಕೋರ್ಟಿನ ನಿಧಾನಕ್ಕೆ ಹುಡುಗರು ಕೈಕಟ್ಟಿ ಕೂರಬೇಕಿಲ್ಲ ಅಂತ ಕೋರ್ಟು ಹೇಳಿತು. ಆದರೆ ಇದಕ್ಕೂ ಗೆರೆ ಇದೆ. ಮಧ್ಯದಲ್ಲಿ ತಮ್ಮನಿಗೆ ಅದೇ ರಸ್ತೆಯಲ್ಲಿ ನಮ್ಮದೇ ಇನ್ನೊಂದು ಮಳಿಗೆ ಖಾಲಿಯಾಗಿ ಸಿಕ್ಕಿದ್ದರೆ, ನಮ್ಮ ಕೇಸು ಅಲ್ಲಿಗೆ ಮುಗೀತಿತ್ತು.

2022ರ ನವೆಂಬರಿನಲ್ಲಿ ಆರ್ಡರು ನಮ್ಮ ಪರ ಆಯ್ತು. ಖುಷಿ ಆಯ್ತಾ ಅಂತ ಕೇಳಿದರೆ, ಪೂರ್ತಿ ಆಗಲಿಲ್ಲ.

ಯಾಕೆ ಅಂದರೆ ವಾಚ್ ಅಂಕಲ್ ಸಾಕ್ಷಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅರವತ್ತು ದಾಟಿದೆ, ಕಣ್ಣು ಮಂದ, ಗಿರಾಕಿಗಳು ಈ ಮೂಲೆಗೇ ಬರೋರು. ಹಳೇ 1961ರ ಬಾಡಿಗೆ ಕಾಯ್ದೆಯಲ್ಲಿ ಇಂಥ ಮಾತಿಗೆ ಜಾಗ ಇತ್ತು. ಅದರ 21(4)ರ ಪ್ರಕಾರ, ಬಿಡಿಸಿದರೆ ಬಾಡಿಗೆದಾರರಿಗೆ ಎಷ್ಟು ಕಷ್ಟ, ಬಿಡಿಸದಿದ್ದರೆ ಮಾಲೀಕರಿಗೆ ಎಷ್ಟು ಕಷ್ಟ ಅಂತ ಕೋರ್ಟು ತೂಗಿ ನೋಡಬೇಕಿತ್ತು. ಈಗಿನ 27(2)(ಆರ್)ನಲ್ಲಿ ಆ ತಕ್ಕಡಿ ಇಲ್ಲ. ಮಾಲೀಕರ ಅಗತ್ಯ ನಿಜ, ಬೇರೆ ಜಾಗ ಇಲ್ಲ ಅಂತಾದರೆ ಬಾಡಿಗೆದಾರರು ಬಿಡಲೇಬೇಕು. ಗೆದ್ದವರ ಮಗಳಾಗಿ ಹೇಳ್ತಿದ್ದೀನಿ, ಆ ತಕ್ಕಡಿ ತೆಗೆದದ್ದು ಸರಿ ಅಂತ ನನಗೆ ಅನಿಸಲ್ಲ. ಅದರಿಂದ ಕೇಸುಗಳು ಎಳೆಯುತ್ತಿದ್ದವು ಅಂತಾರೆ, ಇರಬಹುದು. ಆದರೆ ತಿಂಗಳಿಗೆ 750 ರೂಪಾಯಿ ಕೊಡೋನಿಗೆ ಬೀದಿಯಲ್ಲಿ ಎಂಟು ಸಾವಿರದ ಮಳಿಗೆ ಹಿಡಿ ಅನ್ನುವಾಗ, ಕನಿಷ್ಠ ಅವನಿಗೆ ಎಷ್ಟು ಟೈಮ್ ಬೇಕು ಅಂತಾದರೂ ಕಾಯ್ದೆಯೇ ಕೇಳಬೇಕಿತ್ತು.

ಕಾಯ್ದೆ ಕೇಳಲಿಲ್ಲ, ನಾವೇ ಕೇಳಿದೆವು. ಅವರು ರಿವಿಷನ್ ಹಾಕಬಹುದಿತ್ತು, ಹಾಕಿದ್ದರೆ ಇನ್ನೆಷ್ಟು ವರ್ಷವೋ. ಅಪ್ಪ ಅವರ ಮನೆಗೆ ಹೋಗಿ ಕಾಫಿ ಕುಡಿದು ಮಾತಾಡಿದರು. ಆರು ತಿಂಗಳ ಟೈಮ್, ಆ ಆರು ತಿಂಗಳು ಬಾಡಿಗೆ ಇಲ್ಲ, ಪಕ್ಕದ ಕ್ರಾಸಿನಲ್ಲಿ ಒಂದು ಮೆಟ್ಟಿಲಡಿ ಗೂಡಂಗಡಿಗೆ ಅಡ್ವಾನ್ಸಿನಲ್ಲಿ ನಮ್ಮದೊಂದು ಪಾಲು. ಅವರು ಬಿಡ್ತೀನಿ ಅಂತ ಬರೆದುಕೊಟ್ಟರು. 2023ರ ಮೇ ತಿಂಗಳಲ್ಲಿ ಬೀಗದ ಕೈ ಅಪ್ಪನ ಕೈಗೆ ಕೊಡುವಾಗ, "ಷಟರ್ ಬಲಗಡೆ ಸ್ವಲ್ಪ ಎತ್ತಿ ಎಳೀಬೇಕು, ಇಲ್ಲಾಂದ್ರೆ ಸಿಕ್ಕೊಳ್ಳುತ್ತೆ" ಅಂದರಂತೆ. ತಮ್ಮ ಈಗಲೂ ಹಾಗೇ ಎಳೀತಾನೆ.

ಮೆಸೇಜು ಮಾಡಿದವರಿಗೆ ಈಗ ನೇರ ಉತ್ತರ. ಬಿಡಿಸಿದ ಮೇಲೆ ಬೇರೆಯವರಿಗೆ ಕೊಟ್ಟರಾಯ್ತು ಅಂದಿರಲ್ಲ, ಅದನ್ನೂ ಕಾಯ್ದೆ ನೋಡಿಕೊಂಡಿದೆ. ಸ್ವಂತಕ್ಕೆ ಅಂತ ಬಿಡಿಸಿಕೊಂಡ ಜಾಗವನ್ನು ನಿಗದಿತ ಅವಧಿಯೊಳಗೆ ಕೋರ್ಟಿನ ಅನುಮತಿ ಇಲ್ಲದೆ ಬೇರೆಯವರಿಗೆ ಬಾಡಿಗೆಗೆ ಕೊಡೋ ಹಾಗಿಲ್ಲ. ಕೊಟ್ಟರೆ ಹಳೇ ಬಾಡಿಗೆದಾರರು ಮತ್ತೆ ಕೋರ್ಟಿಗೆ ಬರಬಹುದು. ಅಷ್ಟು ಹೊತ್ತಿಗೆ ನಿಮ್ಮ ಮಗನ ಸಹಿ ಇರೋ ಸುಳ್ಳು ಅಫಿಡವಿಟ್ ಕೋರ್ಟಿನ ಫೈಲಿನಲ್ಲಿ ಭದ್ರವಾಗಿರುತ್ತೆ. ನಿಮಗೆ ಬೇಕಾಗಿರೋದು ಜಾಸ್ತಿ ಬಾಡಿಗೆ ಆದರೆ ಅದನ್ನೇ ಬಾಯಿಬಿಟ್ಟು ಕೇಳಿ. ಕೂತು ಮಾತಾಡಿದರೆ ಅರ್ಧ ದಾರಿಗಾದರೂ ಬರ್ತಾರೆ.

ಇದನ್ನು ಓದೋ ಬಾಡಿಗೆದಾರರೂ ನಮ್ಮ ಬೀದಿಯಲ್ಲಿ ಇದ್ದೀರಿ. ನಿಮಗೂ ಹೇಳ್ತೀನಿ. ಮಾಲೀಕರು ಬೇರೆ ಕಡೆ ಅಂಗಡಿ ಇಡಬಹುದಲ್ಲ, ಮಗಳು ಹೊರದೇಶದಲ್ಲಿದ್ದಾಳಲ್ಲ ಅನ್ನೋ ವಾದ ಕೋರ್ಟಿನಲ್ಲಿ ನಿಲ್ಲೋದಿಲ್ಲ. ಬಚ್ಚಿಟ್ಟ ಜಾಗ ಇದೆಯಾ, ಹೇಳಿದ ಕೆಲಸಕ್ಕೆ ಅದು ಸಾಲುತ್ತಾ, ಯಾರಿಗೆ ಬೇಕು ಅಂತಾರೋ ಅವರು ಕಟಕಟೆಗೆ ಬಂದರಾ, ಮಾತಿನ ಹಿಂದೆ ಹೆಜ್ಜೆ ಇದೆಯಾ, ಇವನ್ನು ಹುಡುಕಿ. ಇವುಗಳಲ್ಲಿ ತೂತು ಕಂಡರೆ ಹೋರಾಡಿ. ಕಾಣದಿದ್ದರೆ ವರ್ಷಗಟ್ಟಲೆ ವಕೀಲರ ಫೀಸು ಕೊಡೋ ಬದಲು ಮೊದಲೇ ಟೈಮ್ ಕೇಳಿಕೊಳ್ಳಿ. ವಾಚ್ ಅಂಕಲ್‌ಗೆ ಕೇಸಿಗೆ ಆದ ಖರ್ಚಿನಲ್ಲಿ ಗೂಡಂಗಡಿಯ ಅಡ್ವಾನ್ಸ್ ಎರಡು ಸಲ ಕಟ್ಟಬಹುದಿತ್ತು ಅಂತ ಅವರೇ ಹೇಳಿದರು.

ಹೋದ ಡಿಸೆಂಬರಿನಲ್ಲಿ ಬಂದಾಗ ಅವರ ಹೊಸ ಅಂಗಡಿಗೆ ಹೋಗಿದ್ದೆ. ನನ್ನ ಡ್ಯೂಟಿ ವಾಚಿನ ಬ್ಯಾಟರಿ ಹೋಗಿತ್ತು. ಹಾಕಿಕೊಟ್ಟರು. ಈ ಸಲ ದುಡ್ಡು ತಗೊಂಡರು. ನಾನೂ ಸುಮ್ಮನೆ ಕೊಟ್ಟೆ. ಹೊರಡುವಾಗ "ನಿನ್ ತಮ್ಮನ ಅಂಗಡೀಲಿ ನನ್ ಬಿಪಿ ಮಾತ್ರೆ ಯಾವಾಗ್ಲೂ ಸಿಗುತ್ತಮ್ಮ" ಅಂದರು.

ಮುಂದಿನ ಪೋಸ್ಟು ನೈಟ್ ಡ್ಯೂಟಿ ಊಟದ ಬಗ್ಗೆ, ಭರವಸೆ ಕೊಡ್ತೀನಿ. ಯಾರದ್ದಾದರೂ ಬಾಡಿಗೆ ಕೇಸು ನಡೀತಿದ್ದರೆ ದಯವಿಟ್ಟು ಇಲ್ಲಿ ಕಾಮೆಂಟಿನಲ್ಲಿ ವಿವರ ಬರೀಬೇಡಿ. ಯಾಕೆ ಅಂತ ಈಗ ನಿಮಗೆ ಗೊತ್ತು.